ಮಾವನಿಗೆ ಕಾಣದ ಮಾತು

ಅಣ್ಣ ಬಂದಾಗ ನಾನು ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಪಾಂಡವಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಜಯಕುಮಾರಣ್ಣ ಮಟಮಟ ಮಧ್ಯಾಹ್ನ ಅಂಗಡಿ ಬಿಟ್ಟು ಅರಕೆರೆಗೆ ಬರುವವನಲ್ಲ. ಬಂದವನು ಚಪ್ಪಲಿಯನ್ನೂ ಬಿಡಲಿಲ್ಲ.

"ಅರ್ಪಿತ ಎಲ್ಲವ್ಳೆ?"

"ಕಾಲೇಜ್ಗೋಗವ್ಳೆ. ಯಾಕಣ್ಣ?"

"ಬೆಳಿಗ್ಗೆ ಚೆನ್ನಾಗಿದ್ಲಾ?"

ಮೊರ ಕೆಳಗಿಟ್ಟೆ. ಅವನು ಫೋನು ನನ್ನ ಕಡೆ ತಿರುಗಿಸಿದ. ಇಂಗ್ಲಿಷಿನಲ್ಲಿ ನಾಲ್ಕೈದು ಸಾಲು. ಬೆಳಿಗ್ಗೆಯೇ ಬಂದಿತ್ತಂತೆ, ಲೋಡು ಇಳಿಸುವ ಗಡಿಬಿಡಿಯಲ್ಲಿ ನೋಡಿರಲಿಲ್ಲವಂತೆ.

"ನಿಮ್ಮ ಮಗು ತುಂಬಾ ಸಂಕಟದಲ್ಲಿರೋ ಹಂಗೆ ಕಾಣ್ತದೆ, ಜೀವಕ್ಕೆ ಅಪಾಯ ಇರಬೋದು, ಕೂಡ್ಲೆ ಮಾತಾಡ್ಸಿ ಅಂತ ಅವ್ಳ ಆ್ಯಪಿಂದ ಬಂದೈತೆ ಕಣವ್ವ."

"ಏನ್ ಬರ್ದವ್ಳಂತೆ?"

"ಅದ ಹೇಳಿಲ್ಲ."

ನನ್ನ ಮಗಳು ಅರ್ಪಿತಳ ಫೋನಿನಲ್ಲಿ ಪಾಠದ ಅನುಮಾನ ಕೇಳುವ ಒಂದು ಚಾಟ್ ಆ್ಯಪ್ ಇದೆ. ನಾವು ಕೇಳಿದ್ದಕ್ಕೆ ಯಂತ್ರವೇ ಉತ್ತರ ಬರೆಯುತ್ತದೆ. ಜೂನ್‌ನಲ್ಲಿ ಅವಳು ಶ್ರೀರಂಗಪಟ್ಟಣದ ಕಾಲೇಜಿಗೆ, ಪಿಯುಸಿ ಸೈನ್ಸಿಗೆ ಸೇರಿದಾಗ ಅಣ್ಣನೇ ಅದನ್ನು ಹಾಕಿಸಿಕೊಟ್ಟ. ಮಗು ಇನ್ನೂ ಹದಿನಾರು, ದೊಡ್ಡವರ ಖಾತೆಗೆ ಜೋಡಿಸಿಡಬೇಕು ಅಂದ. ನನಗೆ ಇಮೇಲ್ ಇಲ್ಲ. ನಮ್ಮನೆಯವರಿಗೆ ಗದ್ದೆ, ಹಸು ಬಿಟ್ಟರೆ ಬೇರೆ ಪ್ರಪಂಚವಿಲ್ಲ. ಹಾಗಾಗಿ ಪೋಷಕರು ಎನ್ನುವ ಜಾಗದಲ್ಲಿ ಅಣ್ಣ ಕುಳಿತ. ಸೈನ್ಸ್ ಸೀಟು ಕೊಡಿಸಿದವನೂ ಅವನೇ, ನಮ್ಮ ಕಡೆಯಿಂದ ಒಬ್ಬಳು ಡಾಕ್ಟರಾಗಲಿ ಎಂದು ಆಸೆಪಟ್ಟವನೂ ಅವನೇ. ಅವತ್ತೇ ಅವಳಿಗೆ ಹೇಳಿದ್ದ: "ನೋಡವ್ವ, ಇದ್ರಲ್ಲಿ ನೀನೇನ್ ಬರುದ್ರೂ ಪಾಂಡವಪುರದಲ್ಲಿ ಕೂತು ನಾನು ಓದ್ತಿರ್ತೀನಿ." ರಾತ್ರಿ ಹತ್ತಕ್ಕೆ ಆ್ಯಪ್ ತಾನಾಗಿ ಮುಚ್ಚಿಕೊಳ್ಳುವ ಹಾಗೂ ಮಾಡಿದ್ದ. ಅದು ಹೇಳಿದ ಹೊತ್ತಿಗೆ ಸರಿಯಾಗಿ ಮುಚ್ಚಿಕೊಂಡಿತು. ಓದುವುದೂ ನಿಜವೇ ಇರಬೇಕು ಎಂದುಕೊಂಡೆವು.

"ನೀನು ದಿನಾ ಓದ್ತಿದ್ಯಲ್ಲಣ್ಣ. ನಿಂಗೇ ಗೊತ್ತಿರ್ಬೇಕು."

ಅವನು ಮುಖ ತಿರುಗಿಸಿ ಕಾಲೇಜಿನ ಮೇಷ್ಟ್ರೊಬ್ಬರಿಗೆ ಫೋನು ಮಾಡಿದ. ಅರ್ಪಿತ ಲ್ಯಾಬಿನಲ್ಲಿದ್ದಾಳೆ, ಈಗಷ್ಟೇ ನೋಡಿದೆ ಎಂದರು. ನಾವು ಬರುವವರೆಗೂ ಅವಳನ್ನು ಒಬ್ಬಳನ್ನೇ ಬಿಡಬೇಡಿ ಎಂದು ಅಣ್ಣ ಎರಡು ಸಲ ಹೇಳಿದ. ಆಮೇಲೆ ನನಗೆ ಉಸಿರು ಬಂತು. ಬಂದದ್ದು ಅರ್ಧ ಉಸಿರು. ಬೆಳಿಗ್ಗೆ ರೊಟ್ಟಿ ಅರ್ಧ ಬಿಟ್ಟು ಎದ್ದಿದ್ದಳು. ಬಸ್ಸಿಗೆ ಹೊತ್ತಾಯಿತೇನೋ ಎಂದುಕೊಂಡು ನಾನೇ ಅದನ್ನು ಹಸುವಿಗೆ ಹಾಕಿದ್ದೆ.

ಕಾಲೇಜಿಗೆ ಫೋನು ಒಯ್ಯುವಂತಿಲ್ಲ. ಅವಳ ಫೋನು ಗೂಡಿನಲ್ಲಿ, ಕುಂಕುಮದ ಬಟ್ಟಲ ಪಕ್ಕ ಇತ್ತು. ಅಣ್ಣ ಅದನ್ನು ಕೈಗೆ ತೆಗೆದುಕೊಂಡ.

"ಲಾಕ್ ಗೊತ್ತಾ ನಿಂಗೆ?"

ಗೊತ್ತಿತ್ತು. ಜಡೆ ಹಾಕುವಾಗ ಅವಳ ಬೆರಳು ಓಡುವುದನ್ನು ಹಿಂದಿನಿಂದ ಎಷ್ಟೋ ಸಲ ನೋಡಿದ್ದೇನೆ. ಮೇಲಿಂದ ಕೆಳಗೆ, ಅಲ್ಲಿಂದ ಬಲಕ್ಕೆ. ತೆಗೆದರೆ ಅವಳು ಬರೆದದ್ದೆಲ್ಲ ಅಲ್ಲೇ ಇರುತ್ತದೆ. ಏನು ಕಂಡೀತೋ ಎನ್ನುವ ಭಯ ಒಂದು ಕಡೆ. ಕಂಡ ಮೇಲೆ ಅವಳು ಇನ್ನು ಯಾವತ್ತೂ ಯಾರಿಗೂ ಏನನ್ನೂ ಹೇಳದೆ ಹೋದರೆ?

"ಮಗಳು ಮೇಷ್ಟ್ರ ಕಣ್ಮುಂದೆ ಅವ್ಳಲ್ಲ. ಅವ್ಳನ್ನೇ ಕೇಳಣ, ನಡಿ," ಎಂದೆ. ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಅವನ ಬೈಕಿನ ಹಿಂದೆ ಕೂತೆ.

ನಾಲೆ ಏರಿಯ ಮೇಲೆ ಬೈಕು ಹೋಗುವಾಗ ಕಬ್ಬು ತುಂಬಿದ ಟ್ರಾಕ್ಟರೊಂದು ದಾರಿಯನ್ನೇ ಬಿಡಲಿಲ್ಲ. ಅದರ ಹಿಂದೆ ತೆವಳುತ್ತಾ ಅಣ್ಣ ಒಂದು ಮಾತು ಹೇಳಿದ. ಗಾಳಿಗೆ ಕೇಳಿಸಲಿಲ್ಲ. ಮತ್ತೆ ಹೇಳಿಸಿದೆ.

"ನಂಗೇನೂ ಕಾಣಕಿಲ್ಲ ಕಣವ್ವ. ಅದ್ರಲ್ಲಿ ಅವ್ಳು ಬರೆಯೋದನ್ನ ನಾನು ಓದಕ್ಕಾಗಕಿಲ್ಲ. ಇಷ್ಟೊತ್ತಿಗೆ ಮುಚ್ಕೊಳ್ಲಿ ಅಂತ ಮಾಡ್ಬೋದು, ಫೋಟೋ ಮಾಡೋದು, ವಾಯ್ಸು, ಇವುನ್ನೆಲ್ಲ ನಿಲ್ಲುಸ್ಬೋದು. ಅಷ್ಟೆಯ. ಓದ್ತೀನಿ ಅಂದ್ರೆ ಹುಡ್ಗಿ ಹದ್ದುಬಸ್ತಲ್ಲಿ ಇರ್ತಾಳೆ ಅಂತ ಸುಳ್ಳು ಹೇಳ್ದೆ."

ಟ್ರಾಕ್ಟರು ಪಕ್ಕಕ್ಕೆ ಸರಿಯಿತು.

ಮೇಷ್ಟ್ರು ಅವಳನ್ನು ಗೇಟಿನವರೆಗೆ ಕರೆತಂದು ಬಿಟ್ಟರು. ಅರ್ಪಿತ ಮೊದಲು ನನ್ನನ್ನು ನೋಡಿದಳು, ಆಮೇಲೆ ನನ್ನ ಕೈಯ ಫೋನನ್ನು, ಆಮೇಲೆ ಮಾವನನ್ನು. ಗೇಟಿನ ಪಕ್ಕದ ಹೊಂಗೆಮರದ ಕಟ್ಟೆಯ ಮೇಲೆ ಕೂರಿಸಿಕೊಂಡೆ.

"ನಾನು ತಗ್ದು ನೋಡಿಲ್ಲ, ಮಗಾ. ಮಾವಂಗೆ ಒಂದು ಮೆಸೇಜು ಬಂದೈತೆ, ನೀನು ಸಂಕಟದಲ್ಲಿದ್ದೀಯ ಅಂತ. ಏನು ಅಂತ ಅದ್ರಲ್ಲಿಲ್ಲ."

"ಏನು ಅಂತ ಮಾವಂಗೆ ಗೊತ್ತಲ್ಲ," ಎಂದಳು ನೆಲ ನೋಡುತ್ತಾ. "ಆಗಸ್ಟಿಂದ ಮಾವಂಗೇ ಬರೀತಿದ್ದೀನಿ."

ಅಣ್ಣ ತಲೆ ಎತ್ತಿದ.

"ಮಾವ, ನಂಗೆ ಫಿಸಿಕ್ಸು ತಲೆಗತ್ತಲ್ಲ. ಮಾವ, ನಾನು ಟೆಸ್ಟಲ್ಲಿ ಫೇಲು. ಮಾವ, ಕಾಮರ್ಸಿಗೆ ಹಾಕ್ಸಿ. ಎಷ್ಟು ಸಲ ಬರ್ದೆ. ನಿಮ್ಮೆದುರು ನಿಂತ್ಕೊಂಡು ಹೇಳೋಕೆ ಆಗ್ತಿರ್ಲಿಲ್ಲ. ಓದ್ತೀನಿ ಅಂದಿದ್ರಲ್ಲ. ಆ್ಯಪ್ ಮಾತ್ರ, 'ಇದು ನಿಮ್ಮ ಮಾವನಿಗೆ ನಾನು ತಲುಪಿಸೋಕಾಗಲ್ಲ, ನೀವೇ ಹೇಳಿ' ಅಂತ ಹೇಳ್ತಾನೇ ಇತ್ತು. ನಾನು ನಂಬಿದ್ದು ನಿಮ್ಮನ್ನ. ದಸರಾಕ್ಕೆ ಬಂದಾಗ, ಡಾಕ್ಟ್ರಮ್ಮ ಹೆಂಗಿದ್ದೀಯ ಅಂದ್ರಿ. ಅಷ್ಟು ಓದಿಯೂ ಹಂಗಂದ್ರಲ್ಲ ಅಂತ..."

ನಾನು ಅವಳ ಕೈ ಹಿಡಿದುಕೊಂಡೆ. ಕೇಳಲೇಬೇಕಾದ ಪ್ರಶ್ನೆಯನ್ನು ಕೇಳಿದೆ.

"ಸಾಯ್ಬೇಕು ಅನ್ನುಸ್ತಾ?"

ಹೌದೆಂದು ತಲೆ ಆಡಿಸಿದಳು. "ನಿನ್ನೆ ಅನ್ನುಸ್ತು. ಬೆಳಿಗ್ಗೆ ಎದ್ದೇಳೋದೇ ಬೇಡ ಅಂತ ಬರ್ದೆ."

"ಈಗ?"

"ಈಗ ಗೊತ್ತಿಲ್ಲಮ್ಮ. ಭಯ ಆಗ್ತದೆ."

"ನಂಗೂ ಆಗ್ತದೆ. ಇನ್ನು ಒಬ್ಳೇ ಇರ್ಬೇಡ. ನಾನಿದ್ದೀನಿ."

ಅಣ್ಣ ಕಟ್ಟೆಯ ಮುಂದೆ, ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತ. ಪಂಚಾಯ್ತಿ ಕಟ್ಟೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡುವವನ ದನಿ ಇದೇನಾ ಅನ್ನಿಸಿತು.

"ನಾನು ಒಂದಕ್ಷರನೂ ಓದಿಲ್ಲ, ಅರ್ಪಿತ. ಅದು ನಂಗೆ ಕಾಣೋದೇ ಇಲ್ಲ. ನಿನ್ನ ಹೆದ್ರುಸೋಕೆ ಅಂಗಂದಿದ್ದೆ. ತಪ್ಪಾಯ್ತು ಕಣವ್ವ."

ಅವಳು ಮಾವನನ್ನು ದಿಟ್ಟಿಸಿದಳು. "ಒಂದೂ ಓದಿಲ್ವಾ?"

"ಒಂದೂ ಇಲ್ಲ."

ಅದನ್ನು ಕೇಳಿ ಅವಳ ಅಳು ಒಡೆಯಿತು. ನೋವಿನ ಅಳುವೋ, ಹಗುರಾದ ಅಳುವೋ, ನನಗೆ ಹೇಳಲು ಬರುವುದಿಲ್ಲ. ಅತ್ತು ಮುಗಿದ ಮೇಲೆ ನನ್ನ ಕೈಯಿಂದ ಫೋನು ತೆಗೆದುಕೊಂಡು, ಮೇಲಿಂದ ಕೆಳಗೆ, ಅಲ್ಲಿಂದ ಬಲಕ್ಕೆ ಬೆರಳಾಡಿಸಿ ತೆರೆದಳು. ಆಗಸ್ಟಿನವರೆಗೆ ಹಿಂದಕ್ಕೆ ಸರಿಸಿ ಮಾವನ ಕೈಗಿಟ್ಟಳು.

"ಇಲ್ಲಿಂದ," ಎಂದಳು.

ಅವನು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಅಂಗಡಿಯಿಂದ ಫೋನು ಬಂತು, ಕಟ್ ಮಾಡಿದ. ಮತ್ತೆ ಬಂತು, ಮತ್ತೆ ಕಟ್ ಮಾಡಿದ. ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟಳು. ನಾನು ಅವಳ ಸಡಿಲವಾದ ಜಡೆ ಬಿಚ್ಚಿ ಮತ್ತೆ ಹೆಣೆಯತೊಡಗಿದೆ. ನಾಳೆ ಮಂಡ್ಯದ ಆಸ್ಪತ್ರೆಗೆ ಹೋಗಿ ಇಂಥದ್ದಕ್ಕೆ ಇರುವ ಡಾಕ್ಟರಿಗೆ ತೋರಿಸಬೇಕು. ಆ ಪೋಷಕರ ಜಾಗಕ್ಕೆ ನಾನೇ ಬರಬೇಕು. ಇಮೇಲ್ ಮಾಡುವುದನ್ನು ಇವಳೇ ಕಲಿಸುತ್ತಾಳೆ. ಅಲ್ಲಿ ಕೂತರೂ ನನಗೆ ಇವಳ ಮಾತು ಕಾಣುವುದಿಲ್ಲ. ಬಿಟ್ಟ ಅರ್ಧ ರೊಟ್ಟಿ ಕಾಣುತ್ತದಲ್ಲ, ಇನ್ನು ಅದನ್ನು ನೋಡಿ ಕೇಳುತ್ತೇನೆ.

ಅಣ್ಣ ಇನ್ನೂ ಓದುತ್ತಿದ್ದ. ಅರ್ಧಕ್ಕೆ ನಿಲ್ಲಿಸಿ, ಕಣ್ಣೊರೆಸಿಕೊಂಡು, ಕಾಲೇಜಿನ ಆಫೀಸಿನ ಕಡೆ ನೋಡಿದ.

"ಕಾಮರ್ಸಿಗೆ ಈ ವರ್ಷವೇ ಬದಲಾಯ್ಸಕ್ಕಾಗ್ತದಾ, ಮುಂದಿನ ವರ್ಷಕ್ಕಾ? ಕೇಳ್ಕೊಂಡ್ ಬರ್ತೀನಿ," ಎಂದ.

"ಪೂರ್ತಿ ಓದಿ, ಆಮೇಲೆ ಹೋಗಿ," ಎಂದಳು ಅರ್ಪಿತ, ತಲೆ ಎತ್ತದೆ.

ಅವನು ಮತ್ತೆ ಓದಲು ಕುಳಿತ.