ಮನೆಗೆ ದಪ್ಪ ಚಕ್ಕೆ

ನನ್ನ ಗಂಡನದು ಮಸಾಲೆ ಸಾಮಾನಿನ ಅಂಗಡಿ. ಒಳ್ಳೇ ಮಾಲು ಗಿರಾಕಿಗೆ, ಚೂರುಪಾರು ಮನೆಗೆ ಅನ್ನೋದು ಅವರ ಕಾನೂನು. ನನ್ನ ಅಡುಗೆಮನೆ ಕಂಡದ್ದೆಲ್ಲ ತಲೆಯಿಲ್ಲದ ಲವಂಗ, ಬಾಯಿಬಿಟ್ಟ ಏಲಕ್ಕಿ. ಗೊಣಗಿ ಗೊಣಗಿ ನನ್ನ ಬಾಯಿ ನೋಯಿತೇ ಹೊರತು ಅವರು ಜಗ್ಗಲಿಲ್ಲ.

ನನ್ನ ನಾದಿನಿಯ ಲಿವರ್ ಪೂರ್ತಿ ಕೆಟ್ಟಿತ್ತು. ಯಾರಾದರೂ ತಮ್ಮದರಲ್ಲಿ ಒಂದು ಭಾಗ ಕೊಟ್ಟರಷ್ಟೇ ಅವಳು ಉಳಿಯುತ್ತಾಳೆ ಎಂದರು ಡಾಕ್ಟರು. ಹೊಂದುತ್ತಿದ್ದದ್ದು ಅವಳ ಅಣ್ಣನದು, ಅಂದರೆ ನನ್ನ ಗಂಡನದು ಮಾತ್ರ.

"ಅಣ್ಣಾ, ಹಳೇ ಸ್ಟಾಕ್ ದಾಟಿಸಬೇಡ. ಒಳ್ಳೇ ಮಾಲೇ ಕೊಡು," ಎಂದು ಆಸ್ಪತ್ರೆಯ ಹಾಸಿಗೆಯಿಂದಲೇ ರೇಗಿಸಿದಳು. ಇವರು ನಕ್ಕು, ಹೊರಗೆ ಬಂದು ಕಣ್ಣೊರೆಸಿಕೊಂಡರು.

ಇವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ, ಆದರೆ ಸಕ್ಕರೆ ಅಂಚಿನಲ್ಲಿತ್ತು. ಅದು ಏರಿದರೆ ಲಿವರ್ ಕೊಡಲು ತನ್ನನ್ನು ಬೇಡ ಅಂದುಬಿಡುತ್ತಾರೆಂಬ ಭಯ. ಚಕ್ಕೆಯಿಂದ ಇಳಿಯುತ್ತದೆಂದು ಯಾರೋ ಹೇಳಿದ್ದೇ ತಡ, ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು ಚಮಚ ಪುಡಿ ನೀರಿಗೆ ಕದಡಿ ಕುಡಿಯತೊಡಗಿದರು. ಪರೀಕ್ಷೆ, ಅನುಮತಿ ಅಂತ ಆಪರೇಷನ್ನಿಗೆ ತಿಂಗಳುಗಳೇ ಹಿಡಿದವು; ಒಂದು ದಿನವೂ ತಪ್ಪಿಸಲಿಲ್ಲ.

ಆಪರೇಷನ್ನಿಗೆ ಮುಂಚಿನ ರಕ್ತಪರೀಕ್ಷೆಯಲ್ಲಿ ಇವರ ಲಿವರ್‌ನ ಅಂಕಿಗಳು ಏರಿದ್ದವು. ಬೇರೆಲ್ಲ ಪರೀಕ್ಷೆ ಮಾಡಿದರೂ ಕಾರಣ ಸಿಗದೆ, "ಕಷಾಯ, ಪುಡಿ, ಏನಾದರೂ ತಗೊಳ್ತೀರಾ?" ಎಂದು ಡಾಕ್ಟರಮ್ಮ ಕೇಳಿದರು.

"ಚಕ್ಕೆ ಪುಡಿ ಅಷ್ಟೇ."

"ಯಾವ ಚಕ್ಕೆ?"

ಕಸುಬಿನ ಪ್ರಶ್ನೆ ಕೇಳಿದ್ದೇ ಇವರಿಗೆ ಹುರುಪು ಬಂತು. "ಎರಡು ಜಾತಿ ಇದೆ ಮೇಡಂ. ನಿಜವಾದದ್ದು ತೆಳ್ಳಗಿನ ಪದರ ಪದರ, ಒಂದರೊಳಗೊಂದು ಸುತ್ತಿಕೊಂಡಿರುತ್ತೆ, ಬೆರಳಲ್ಲೇ ಪುಡಿಯಾಗುತ್ತೆ. ಇನ್ನೊಂದು ಕ್ಯಾಸಿಯಾ. ದಪ್ಪ, ಒಂದೇ ಪದರ, ಗಟ್ಟಿ, ಅಗ್ಗ. ಹೆಚ್ಚಿನ ಕಡೆ ಚಕ್ಕೆ ಅಂತ ಮಾರೋದು ಅದನ್ನೇ. ಪುಡಿ ಮಾಡಿದ ಮೇಲೆ ನೋಡಿ ಹೇಳೋಕಾಗಲ್ಲ. ನಾನು ಮಾತ್ರ ಎರಡನ್ನೂ ಬೇರೆ ಬೇರೆ ಡಬ್ಬದಲ್ಲಿ ಇಡ್ತೀನಿ. ಕೇಳಿದವರಿಗೆ ಮೋಸ ಮಾಡಿಲ್ಲ."

"ನೀವು ಕುಡಿದದ್ದು?"

ಇವರು ನನ್ನ ಕಡೆ ನೋಡಿದರು. ಉತ್ತರ ನನಗೂ ಗೊತ್ತಿತ್ತು. ಒಳ್ಳೇದು ಗಿರಾಕಿಗೆ.

"ದಪ್ಪದ್ದು. ಅದರ ಚೂರು."

ಡಾಕ್ಟರಮ್ಮ ಬೈಯಲಿಲ್ಲ. ದಪ್ಪ ಚಕ್ಕೆಯಲ್ಲಿ ಕೂಮರಿನ್ ಅನ್ನೋ ಅಂಶ ಜಾಸ್ತಿ, ನಿಜವಾದದ್ದರಲ್ಲಿ ಇದ್ದೂ ಇಲ್ಲದಷ್ಟು. ಅಡುಗೆಗೆ ಹಾಕುವಷ್ಟರಿಂದ ಭಯವಿಲ್ಲ, ಹೀಗೆ ದಿನಾ ಚಮಚಗಟ್ಟಲೆ ಹೋದರೆ ಕೆಲವರ ಲಿವರ್‌ಗೆ ಪೆಟ್ಟು ಎಂದರು. "ಬಹುಶಃ ಅದೇ ಇರಬೇಕು. ನಿಲ್ಲಿಸಿ, ಸರಿಹೋಗುತ್ತೆ. ಆದರೆ ಅಂಕಿ ಇಳಿಯುವ ತನಕ ಕತ್ತರಿಸೋಕಾಗಲ್ಲ. ಕೆಲವು ವಾರ ಬೇಕು."

ನಾದಿನಿಗೆ ಆ ವಾರಗಳಿರಲಿಲ್ಲ. ಕೊನೆಗೆ ಪ್ರಜ್ಞೆ ತಪ್ಪುವ ಮೊದಲು ನನ್ನ ಕೈ ಹಿಡಿದು, "ಅತ್ತಿಗೆ, ಅಣ್ಣನ್ನ ಬೈಬೇಡಿ," ಎಂದಳು. ಅವರನ್ನು ಬೈಯುವುದೇ ಬದುಕಾಗಿದ್ದ ನಾನು ಆಮೇಲೆ ಬೈದಿಲ್ಲ.

ಅವಳು ಹೋದ ಮೇಲೆ ಇವರ ಇನ್ನೊಂದು ರಿಪೋರ್ಟ್ ಬಂತು. ಅಂಗಡಿಗೆ ಒಯ್ದು ಕೊಟ್ಟೆ. ಎರಡು ಡಬ್ಬಗಳ ನಡುವೆ ಅದನ್ನಿಟ್ಟುಕೊಂಡು ಓದಿದರು. ಎಲ್ಲಾ ಸರಿಯಾಗಿತ್ತು.

"ಮಾಲು ಚೆನ್ನಾಗಿದೆಯಂತೆ ಕಣೇ," ಎಂದರು. "ತಗೊಳ್ಳೋಕೆ ಅವಳಿಲ್ಲ."