ಹಿತ್ತಿಲ ನಲ್ಲಿಯ ಮುನ್ನೂರು ಲೀಟರು

ನೀರಿನ ಬಿಲ್ಲು ನೋಡಿದ್ದೇ ನಮ್ಮ ಯಜಮಾನರ ಪಿತ್ತ ನೆತ್ತಿಗೇರಿತು. ತಿಂಗಳಿಗೆ ಇಪ್ಪತ್ನಾಲ್ಕು ಘನ ಮೀಟರ್.

"ನಮ್ದು ಸಾವಿರ ಲೀಟರಿನ ಟ್ಯಾಂಕು. ಎರಡು ದಿನಕ್ಕೊಂದ್ಸಲ ತುಂಬಿಸ್ತೀವಿ. ಅಂದ್ರೆ ದಿನಕ್ಕೆ ಐನೂರು ಲೀಟರು, ಮೂವತ್ತು ದಿನಕ್ಕೆ ಹದಿನೈದು ಸಾವಿರ. ಸಾವಿರ ಲೀಟರಿಗೆ ಒಂದು ಘನ ಮೀಟರ್, ಹದಿನೈದಾಯ್ತು. ಮಿಕ್ಕ ಒಂಬತ್ತು ಎಲ್ಲಿ ಹೋಯ್ತು?" ಒಂಬತ್ತು ಸಾವಿರ ಲೀಟರನ್ನು ಮೂವತ್ತರಿಂದ ಭಾಗಿಸಿ ತಾವೇ ಉತ್ತರ ಕೊಟ್ಟರು. "ದಿನಕ್ಕೆ ಮುನ್ನೂರು ಲೀಟರು ಯಾರೋ ಕದೀತಿದಾರೆ."

ಟ್ಯಾಂಕಿಗೆ ಹೋಗದೆ ಮೀಟರಿನಿಂದ ನೇರವಾಗಿ ನೀರು ಬರುವುದು ಹಿತ್ತಿಲ ನಲ್ಲಿಗೊಂದೇ. ಅದರ ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದ ಟೈಲರಮ್ಮನನ್ನು ಕರೆಸಿ ಬಾಯಿಗೆ ಬಂದಂತೆ ಅಂದರು. ನಾನೂ ತಾಳ ಹಾಕಿದೆ.

"ನಂಗೆ ಬೇರೆ ಮೀಟರಿದೆಯಲ್ಲಕ್ಕ," ಎಂದಳು ಆಕೆ.

ಮೂಲೆಯಲ್ಲಿ ಕೂತಿದ್ದ ಮಾವ ಮುಖಕ್ಕೆ ಹಿಡಿದ ಪೇಪರನ್ನು ಇಳಿಸಲೇ ಇಲ್ಲ. ಸಂಜೆ ಇವರು ನಲ್ಲಿಗೆ ಬೀಗ ಜಡಿದರು.

ಮರುದಿನ ಬೆಳಕು ಹರಿಯುವ ಮುಂಚೆ ಹಿತ್ತಿಲಲ್ಲಿ ಸದ್ದಾಯಿತು. ಕಳ್ಳಿ ಸಿಕ್ಕಿಬಿದ್ದಳೆಂದು ಇಬ್ಬರೂ ಓಡಿದೆವು. ನಲ್ಲಿಯೆದುರು ಮಾವ ನಿಂತಿದ್ದರು. ಎದೆಗವಚಿಕೊಂಡಿದ್ದ ಬೆಡ್‌ಶೀಟು ಒದ್ದೆಯಾಗಿತ್ತು, ಮೂತ್ರದ ವಾಸನೆ ನಮ್ಮವರೆಗೂ ಬಂತು. ದಿನಾ ನಾವು ಏಳುವುದರೊಳಗೆ, ಆ ವಾಸನೆ ಹೋಗುವ ತನಕ, ನಲ್ಲಿ ಪೂರ್ತಿ ಬಿಟ್ಟುಕೊಂಡು ತೊಳೆಯುತ್ತಿದ್ದರು. ನಮ್ಮನ್ನು ಕಂಡು ಬೆನ್ನು ತಿರುಗಿಸಿದರು.

ಇವರು ಬೀಗದ ಕೈಗಾಗಿ ಜೇಬು ತಡಕತೊಡಗಿದರು. ಅಷ್ಟರಲ್ಲಿ ಟೈಲರಮ್ಮ ತುಂಬಿದ ಬಕೆಟ್ಟೊಂದನ್ನು ಎತ್ತಿಕೊಂಡು ಬಂದು ಮಾವನ ಕಾಲ ಬಳಿ ಇಟ್ಟಳು.

"ತಗೊಳ್ಳಿ ತಾತ," ಎಂದಳು. "ಇದು ನನ್ನ ಮೀಟರಿನ ನೀರು."