ಮೊದಲೇ ತಂದ ರಿಲೀವಿಂಗ್ ಲೆಟರ್

ಔಷಧಿ ಕೊಡುವುದರಲ್ಲಿ ನನ್ನನ್ನು ಮೀರಿಸುವವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ವೈದ್ಯರ ಕಾಗೆಕಾಲಿನ ಬರಹವನ್ನು ನಾನು ಕಣ್ಣು ಮುಚ್ಚಿಕೊಂಡೇ ಓದುತ್ತೇನೆ. ಹಾಗಾಗಿ ದೊಡ್ಡ ಆಸ್ಪತ್ರೆಯೊಂದು ಫಾರ್ಮಸಿಸ್ಟ್ ಹುದ್ದೆಗೆ ನೇರ ಸಂದರ್ಶನ ಕರೆದಾಗ, ಕೆಲಸ ಸಿಕ್ಕಿಯೇಬಿಟ್ಟಿತು ಎಂದುಕೊಂಡೆ. ಹಿಂದಿನ ದಿನ ಮಧ್ಯಾಹ್ನ, ಹೆಂಡತಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ ಅಲ್ಲಿನ ಎಚ್‌ಆರ್ ಮೇಡಂಗೆ ಫೋನ್ ಮಾಡಿದೆ.

“ನಾಳೆ ನಾನು ಬರ್ತಿದೀನಿ ಮೇಡಂ, ಬೇರೆಯವರನ್ನ ಕರೆಯೋ ಅಗತ್ಯಾನೇ ಇಲ್ಲ. ಏನೇನು ದಾಖಲೆ ತರ್ಲಿ?”

“ಹೆಸರು ಬರ್ಕೊಂಡೆ ಸಾರ್, ಒಂಬತ್ತೂವರೆಗೆ ಬನ್ನಿ. ಬಯೋಡೇಟಾ, ಮಾರ್ಕ್ಸ್ ಕಾರ್ಡು, ಫಾರ್ಮಸಿ ಕೌನ್ಸಿಲ್ ನೋಂದಣಿ ಪತ್ರ, ಗುರುತಿನ ಚೀಟಿ, ಎರಡು ಫೋಟೋ. ಎಲ್ಲದರ ಒರಿಜಿನಲ್ಲೂ ಒಂದು ಸೆಟ್ ಜೆರಾಕ್ಸೂ ಇರ್ಲಿ. ಈಗಿರೋ ಕೆಲಸದ ಮೂರು ತಿಂಗಳ ಪೇಸ್ಲಿಪ್ ತನ್ನಿ, ಅಷ್ಟು ಸಾಕು.”

“ರಿಲೀವಿಂಗ್ ಲೆಟರ್ರೂ ರೆಡಿ ಇದೆ! ಬೆಳಿಗ್ಗೇನೇ ಈಗಿನ ಮೆಡಿಕಲ್ ಶಾಪಿಗೆ ರಾಜೀನಾಮೆ ಕೊಟ್ಟು ಇಸ್ಕೊಂಡು ಬಂದೆ.”

ಆ ಕಡೆ ಪೆನ್ನು ಕೆಳಗೆ ಬಿದ್ದ ಸದ್ದು ಕೇಳಿಸಿತು.

“ಅಯ್ಯೋ ಸಾರ್! ಅದನ್ನ ಕೇಳೋದು ಆಯ್ಕೆಯಾಗಿ ಕೆಲಸಕ್ಕೆ ಸೇರೋ ದಿನ. ಇರೋದು ಒಂದೇ ಹುದ್ದೆ, ನಲವತ್ತೆರಡು ಜನ ಬರ್ತೀವಿ ಅಂದಿದಾರೆ.”

ನನ್ನ ಎದೆ ಮೂರು ಊರಿಗೆ ಕೇಳುವಂತೆ ಧಸಕ್ಕೆಂದಿತು. ಫೋನಿಟ್ಟು ಹೆಂಡತಿಯತ್ತ ತಿರುಗಿದರೆ, ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

“ಇರೋ ಕೆಲಸ ಬಿಟ್ಟು ಬಂದ್ರಾ? ನಂಗೊಂದು ಮಾತೂ ಹೇಳ್ದೇನೇ? ಏಳ್ರೀ, ಈಗ್ಲೇ ಮೆಡಿಕಲ್ ಶಾಪಿಗೆ ಹೋಗಿ ಮಾಲೀಕರ ಕಾಲು ಹಿಡೀರಿ!”

“ಆಗಲ್ಲ ಕಣೇ,” ಎಂದೆ. ಜೀವಮಾನದಲ್ಲಿ ಮೊದಲ ಬಾರಿ ನನ್ನ ದನಿ ನನಗೇ ಕೇಳಿಸಲಿಲ್ಲ. “ರಾಜೀನಾಮೆ ಪೂರ್ತಿ ಓದೋಕೆ ಮುಂಚೇನೇ ಅವರು ಸಹಿ ಹಾಕಿಬಿಟ್ರು.”